ಹೊಳಪು ಬಿದ್ದ ಸಾಲುಗಳನ್ನು ಹುಡುಕಿದ ಮಧ್ಯಾಹ್ನಗಳು

ಮಾನ್ಯ ಓದುಗರ ಸನ್ನಿಧಿಗೆ,

ಮೊಟ್ಟಮೊದಲಿಗೆ ನನ್ನ ಕಾಗುಣಿತದ ತಪ್ಪುಗಳಿಗೂ ಅಂದವಿಲ್ಲದ ಕೈಬರಹಕ್ಕೂ ತಮ್ಮ ಕ್ಷಮೆಯನ್ನು ಕೋರುತ್ತೇನೆ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಆ ಪತ್ರಗಳೂ ಇಂಗ್ಲಿಷಿನವು, ಇಲ್ಲವೇ ಹಿಂದಿಯವು. ಕನ್ನಡದಲ್ಲಿ ನಾನು ಬರೆದಿರುವುದೆಂದರೆ ನಮ್ಮ ಕನ್ನಡ ಸಂಘದ ವಾರ್ಷಿಕ ವರದಿಗಳು ಮಾತ್ರ. ಆದ್ದರಿಂದ ಈ ನೆನಪುಗಳು ವರದಿಯಂತೆ ಕಂಡುಬಂದಲ್ಲಿ ಅದನ್ನು ಉದ್ದೇಶಪೂರ್ವಕವಲ್ಲವೆಂದು ಪರಿಗಣಿಸಬೇಕಾಗಿ ವಿನಂತಿ.

ನಾನು ಬಂಗಾಳದ ರಾಜಧಾನಿಯಲ್ಲಿ, ಬಿಬಿಡಿ ಬಾಗಿನ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಹುದ್ದೆಯಲ್ಲಿರುವವಳು. ಮನೆ ಬೆಹಾಲಾದಲ್ಲಿ. ತವರು ಮೈಸೂರು. ಆದರೆ ತವರೆಂಬ ಪದವನ್ನು ಬರೆಯುವಾಗ ಈಚೆಗೆ ಕೈ ಸ್ವಲ್ಪ ತಡೆಯುತ್ತದೆ. ಏಕೆಂದರೆ ಕನಸಿನಲ್ಲಿ ಬರುವ ಮೈಸೂರಿನ ಬೀದಿಗಳಲ್ಲಿ ಕೆಂಪು ಅಂಚಿನ ಬಿಳಿ ಸೀರೆಯುಟ್ಟ ಹೆಂಗಸರು ಶಂಖ ಊದುತ್ತಿರುತ್ತಾರೆ, ನಾನು ಅದರಲ್ಲಿ ಏನೂ ವಿಶೇಷ ಕಾಣದೆ ಮುಂದೆ ಹೋಗುತ್ತಿರುತ್ತೇನೆ.

ಸಂಘದ ಸಂಚಿಕೆಗೆಂದು ಕಳೆದ ಚಳಿಗಾಲದಲ್ಲಿ ಒಂದು ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಲಾಯಿತು. ‘ನಮ್ಮ ಮನೆಯ ಹಿರಿಯರು’ ಎಂಬುದು ವಿಷಯ. ಬರಹವು ಸ್ವಂತದ್ದಾಗಿರತಕ್ಕದ್ದು ಎಂಬುದು ನಿಯಮ. ಆ ನಿಯಮವನ್ನು ಬರೆದವಳು ನಾನೇ. ‘ಸ್ವಂತದ್ದು’ ಎಂದರೆ ಏನೆಂದು ವಿವರಿಸುವ ಅಗತ್ಯ ಆಗ ನನಗೆ ಕಾಣಲಿಲ್ಲ. ನೀರು ಎಂದರೆ ಏನೆಂದು ಯಾರು ವಿವರಿಸುತ್ತಾರೆ?

ತೀರ್ಪುಗಾರರು ಮೂವರು. ಒಬ್ಬರು ರೈಲ್ವೆಯಲ್ಲಿ ಎಂಜಿನುಗಳ ರಿಪೇರಿಯ ಮೇಲ್ವಿಚಾರಣೆ ಮಾಡಿ ನಿವೃತ್ತರಾದ ಧಾರವಾಡದವರು. ಅವರನ್ನು ನಾವೆಲ್ಲ ರಾಯರೆಂದೇ ಕರೆಯುತ್ತೇವೆ. ಇನ್ನೊಬ್ಬರು ಟಾಲಿಗಂಜಿನಲ್ಲಿ ಗಂಡನೊಂದಿಗೆ ಹೋಟೆಲು ನಡೆಸುವ ಉಡುಪಿ ಕಡೆಯವರು. ನನಗಿಂತ ಕಿರಿಯರಾದ್ದರಿಂದ ನನ್ನನ್ನು ಅಕ್ಕ ಎನ್ನುತ್ತಾರೆ. ಮೂರನೆಯವಳು ನಾನು. ಸಭೆಗಳು ಅವರ ಹೋಟೆಲಿನ ಮೇಲಿನ ಕೋಣೆಯಲ್ಲಿ, ಊಟದ ಗದ್ದಲ ಇಳಿದ ಮೇಲೆ ನಡೆಯುತ್ತಿದ್ದವು. ಕೆಳಗಿನಿಂದ ಸಾಂಬಾರಿನ ಹಬೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕಿಟಕಿಯಾಚೆ ಮಸುಕು ಬಿಸಿಲು, ಅದರೊಳಗೆ ಒಗೆದ ಬಟ್ಟೆಗಳು. ಆ ಕೋಣೆಯಲ್ಲಿ ಮಧ್ಯಾಹ್ನವು ಮುಂದೆ ಸಾಗುತ್ತಿರಲಿಲ್ಲ. ಕೆರೆಯಲ್ಲಿ ಬಿದ್ದ ಎಲೆಯಂತೆ ಅಲ್ಲೇ ನಿಧಾನವಾಗಿ ತಿರುಗುತ್ತಿತ್ತು.

ಬಂದ ಪ್ರಬಂಧಗಳಲ್ಲಿ ಒಂದು ಟಾಲಿಗಂಜಿನ ಕಾಲೇಜು ಹುಡುಗಿಯದು. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಸಂಘದ ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿತವಳು. ಇಲ್ಲಿ ಹುಟ್ಟಿದ ಮಕ್ಕಳ ಪೈಕಿ ಕನ್ನಡದಲ್ಲಿ ಇಷ್ಟುದ್ದ ಬರೆದುಕೊಟ್ಟವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಆ ಹಾಳೆಗಳು ಕೈಗೆ ಬಂದ ದಿನ ನಾನು ಬಸ್ಸಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು, ಓದದೆ, ಬರೀ ಹಿಡಿದುಕೊಂಡು ಬೆಹಾಲಾದವರೆಗೆ ಬಂದೆ.

ಪ್ರಬಂಧವು ಅವಳ ತೀರಿಹೋದ ಅಜ್ಜಿಯ ಕುರಿತಾಗಿತ್ತು. ಟಾಲಿಗಂಜಿನ ಮಾರುಕಟ್ಟೆಯಲ್ಲಿ ಕರಿಬೇವು ಹುಡುಕುತ್ತಿದ್ದ ಅಜ್ಜಿ. ಅಲ್ಲೊಬ್ಬ ತರಕಾರಿಯವಳು. ಅಜ್ಜಿಗೆ ಕನ್ನಡವಷ್ಟೇ ಗೊತ್ತು, ಅವಳಿಗೆ ಬಂಗಾಳಿಯಷ್ಟೇ ಗೊತ್ತು. ಓದಿದಾಗ ನನಗೊಂದು ವಿಚಿತ್ರ ಅನುಭವವಾಯಿತು. ಒಂದು ವಾಕ್ಯದಲ್ಲಿ ಒಬ್ಬರು ಮಾತಾಡಿದಂತೆ, ಮುಂದಿನದರಲ್ಲಿ ಬೇರೊಬ್ಬರು ಅದೇ ಕುರ್ಚಿಯಲ್ಲಿ ಬಂದು ಕುಳಿತಂತೆ. ಮಂಪರಿನಲ್ಲಿ ಪಕ್ಕದ ಕೋಣೆಯ ಮಾತು ಕೇಳುವಾಗ ದನಿಗಳು ಹೀಗೆಯೇ ಒಂದರೊಳಗೊಂದು ಬೆರೆಯುತ್ತವೆ.

ಅನುಮಾನವನ್ನು ಬಾಯಿಬಿಟ್ಟು ಹೇಳಿದವರು ರಾಯರು.

“ಬಾಯಾರ, ಇದನ್ನ ಆ ಹುಡುಗಿ ಬರದಿಲ್ರಿ. ಮಷೀನ್ ಬರದದ. ನನ್ನ ಅಳಿಯ ಇದಕ್ಕಂತನ ಇರೂ ಒಂದು ಸಾಫ್ಟ್‌ವೇರಿಗೆ ಹಾಕಿ ನೋಡ್ಯಾನ. ಅರ್ಧಕ್ಕಿಂತ ಹೆಚ್ಚು ಮಷೀನಿಂದು ಅಂತ ಬಂದದ.”

“ಯಾವ ಅರ್ಧ ಅಂತ ಹೇಳಿತಾ ರಾಯರೇ?” ಎಂದು ಹೋಟೆಲಿನವರು ಕೇಳಿದರು.

“ಅದು ಹಂಗೆಲ್ಲ ಹೇಳೂದಿಲ್ಲ. ಇಡೀ ಬರಹಕ್ಕ ಒಂದ ಅಂಕಿ ಕೊಡ್ತದ.”

“ಹಾಗಾದ್ರೆ ಎಂಥದು ಮಾರಾಯ್ರೆ ಅದು! ನಾಳೆ ಯಾರಾದ್ರೂ ನನ್ನ ಸಾಂಬಾರು ತಿಂದು ಅರ್ಧ ಪ್ಯಾಕೆಟಿನ ಪುಡಿ, ಅರ್ಧ ಮನೇದು ಅಂದ್ರೆ ನಾನು ಯಾವ ಅರ್ಧ ಚೆಲ್ಲೂದು?”

ರಾಯರು ನಗಲಿಲ್ಲ. ಸಾಲು ಸಾಲಾಗಿ ಹಾಕಿ ನೋಡೋಣವೆಂದು ಅಳಿಯನಿಗೆ ಫೋನಾಯಿಸಿದರು. ಒಂದೊಂದೇ ವಾಕ್ಯ ಕೊಟ್ಟರೆ ಆ ಸಾಫ್ಟ್‌ವೇರು ಪಠ್ಯ ಸಾಲದೆಂದು ಹಿಂದಿರುಗಿಸಿತು. ಒಂದು ಪ್ಯಾರಾ ಕೊಟ್ಟರೆ ಮನುಷ್ಯರದೆಂದಿತು. ಅದೇ ಪ್ಯಾರಾಕ್ಕೆ ಮುಂದಿನದನ್ನು ಸೇರಿಸಿ ಕೊಟ್ಟರೆ ಎರಡೂ ಯಂತ್ರದ್ದೆಂದಿತು. ಆಗ ಹೋಟೆಲಿನವರು ಕಣ್ಣು ಮಿಟುಕಿಸಿ, ನನ್ನದೊಂದು ಹಳೆಯ ವಾರ್ಷಿಕ ವರದಿಯನ್ನು ಅಳಿಯನಿಗೆ ಕಳುಹಿಸಿದರು. ಈ ಯಂತ್ರಗಳು ಜನರ ಕೈಗೆ ಬರುವುದಕ್ಕೆ ಎಷ್ಟೋ ಮೊದಲು ನಾನು ಬರೆದ ವರದಿ ಅದು. ಬಹುತೇಕ ಪೂರ್ತಿಯಾಗಿ ಯಂತ್ರದ್ದೇ ಎಂದು ಉತ್ತರ ಬಂತು.

“ಅಕ್ಕ, ನಿಮ್ಮನ್ನು ಯಾವ ಕಂಪನಿಯವರು ತಯಾರು ಮಾಡಿದ್ದು?” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನೂ ನಕ್ಕೆ. ಆದರೆ ಅಂದು ಮನೆಗೆ ಮರಳುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಕಂಡಾಗ, ‘ಸದರಿ ವರ್ಷದಲ್ಲಿ ಸಂಘವು ಉತ್ತಮ ಪ್ರಗತಿಯನ್ನು ಸಾಧಿಸಿರುತ್ತದೆ’ ಎಂದು ಅದು ನನಗೇ ವರದಿ ಒಪ್ಪಿಸುತ್ತಿರುವಂತೆ ಅನ್ನಿಸಿತು.

ಮರುದಿನ ಹುಡುಗಿಯ ತಾಯಿ ಕರೆ ಮಾಡಿದರು. ಸುದ್ದಿ ಹೇಗೋ ತಲುಪಿತ್ತು. “ಮೇಡಂ, ಬಹುಮಾನ ಬೇಡ. ಆದರೆ ಇದು ನಿನ್ನದಲ್ಲ ಅಂತ ಅವಳಿಗೆ ಹೇಳಿಬಿಡಬೇಡಿ. ನೆನ್ನೆಯಿಂದ ಫೋನಿನಲ್ಲಿದ್ದ ಕನ್ನಡ ಕೀಬೋರ್ಡನ್ನೇ ತೆಗೆದುಹಾಕಿದ್ದಾಳೆ. ಇನ್ನು ಕನ್ನಡದಲ್ಲಿ ಒಂದಕ್ಷರ ಬರೆಯಲ್ಲ ಅಂತಾಳೆ. ಇಷ್ಟು ವರ್ಷ ಕಾದು ಒಂದು ಸಲ ಬರೆದಳು, ಮೇಡಂ.” ನಾನು ಪರಿಶೀಲಿಸಲಾಗುವುದೆಂದು ಉತ್ತರಿಸಿದೆ. ಫೋನಿಟ್ಟ ಮೇಲೆ, ಅದು ಎಂತಹ ಉತ್ತರವೆಂದು ನನಗೇ ನಾಚಿಕೆಯಾಯಿತು. ಆ ಕ್ಷಣದಿಂದ ನನ್ನ ಮಟ್ಟಿಗೆ ಪ್ರಶ್ನೆಯು ಬಹುಮಾನದ್ದಾಗಿ ಉಳಿಯಲಿಲ್ಲ. ಈ ಊರಿನಲ್ಲಿ ನಮ್ಮ ಭಾಷೆಯನ್ನು ಬರೆಯಬಲ್ಲ ಒಂದು ಕೈ ಇರುತ್ತದೆಯೋ ಇಲ್ಲವೋ ಎಂಬುದಾಯಿತು.

ಮುಂದಿನ ಸಭೆಯಲ್ಲಿ ಸಾಫ್ಟ್‌ವೇರನ್ನು ಬದಿಗಿಟ್ಟೆವು. ಮೂವರೂ ಪ್ರತ್ಯೇಕವಾಗಿ, ಒಬ್ಬರದನ್ನೊಬ್ಬರು ನೋಡದೆ, ಯಂತ್ರ ಕೈಹಾಕಿದೆಯೆಂದು ತೋರುವ ವಾಕ್ಯಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವುದೆಂದು ತೀರ್ಮಾನವಾಯಿತು. ಅಂದು ಮೋಡ ಕವಿದಿತ್ತು. ಫ್ಯಾನು ಹಾಕದಿದ್ದರೂ ಕಾಗದಗಳು ತಮ್ಮಷ್ಟಕ್ಕೆ ಮಿಸುಕುತ್ತಿದ್ದವು. ಕೆಳಗೆ ಯಾರೋ ಪಾತ್ರೆ ತೊಳೆಯುವ ಸದ್ದು ದೂರದ ದೇವಸ್ಥಾನದ ಗಂಟೆಯಂತೆ ಬಂದು ಹೋಗುತ್ತಿತ್ತು. ಪೆನ್ಸಿಲು ಹಿಡಿದ ನನಗೆ, ಅಜ್ಜಿಯು ಆ ಹಾಳೆಯ ಆಚೆ ಬದಿಯಲ್ಲಿ ಚೀಲ ಹಿಡಿದು ನಿಂತಿರುವಂತೆಯೂ, ನಾನು ಗೆರೆ ಎಳೆದಲ್ಲೆಲ್ಲ ಆಕೆಯ ಸೀರೆಯ ಒಂದೊಂದು ನೆರಿಗೆ ಮಾಯವಾಗುತ್ತಿರುವಂತೆಯೂ ಭಾಸವಾಯಿತು.

ಗೆರೆಗಳನ್ನು ಹೋಲಿಸಿ ನೋಡಿದಾಗ ಮೂವರದೂ ಮೂರು ದಾರಿಯಾಗಿತ್ತು. ತಪ್ಪಿಲ್ಲದ ವಾಕ್ಯವೆಲ್ಲ ರಾಯರಿಗೆ ಯಂತ್ರದ್ದು. ಮನೆಯ ಮಾತಿನ ವಾಸನೆಯಿಲ್ಲದ್ದೆಲ್ಲ ಹೋಟೆಲಿನವರಿಗೆ ಯಂತ್ರದ್ದು. ನನಗೆ ಕಚೇರಿಯ ಧಾಟಿಯ ವಾಕ್ಯಗಳು ಸಹಜವಾಗಿಯೇ ಕಂಡಿದ್ದವು, ಆದ್ದರಿಂದ ನಾನು ಬೇರೆಡೆ, ಆಡಂಬರದ ಪದಗಳಿದ್ದಲ್ಲಿ ಗೆರೆ ಎಳೆದಿದ್ದೆ. ಮೂವರ ಗೆರೆಯೂ ಕೂಡಿದ್ದು ಒಂದೇ ಒಂದು ವಾಕ್ಯದ ಕೆಳಗೆ.

‘ನಮ್ಮ ಕುಲದೇವರ ಕೃಪಾಶೀರ್ವಾದದಿಂದ ಅಜ್ಜಿಯು ಪ್ರತಿದಿನ ಬೆಳಿಗ್ಗೆ ತರಕಾರಿ ಚೀಲ ಸಮೇತ ಮಾರುಕಟ್ಟೆಗೆ ಆಗಮಿಸುತ್ತಿದ್ದರು.’

“ನೋಡ್ರಿ! ಯಾವ ಹುಡುಗಿ ಹಿಂಗ ಬರೀತಾಳ? ಕೃಪಾಶೀರ್ವಾದ ಅಂತ. ಚೀಲ ಸಮೇತ ಅಂತ,” ಎಂದರು ರಾಯರು.

ಹಾಗೆಯೇ, ನಮ್ಮ ನಮ್ಮ ಅಳತೆಗೋಲನ್ನೂ ಮರೆತು, ಇದಂತೂ ಅವಳ ಹೃದಯದಿಂದಲೇ ಬಂದಿರಬೇಕೆಂದು ಮೂವರೂ ಮುಟ್ಟದೆ ಬಿಟ್ಟ ವಾಕ್ಯವೂ ಒಂದಿತ್ತು. ‘ಭಾಷೆಯ ಗಡಿಗಳನ್ನು ಮೀರಿ ಅವರಿಬ್ಬರ ನಡುವೆ ಒಂದು ಮೌನ ಸ್ನೇಹ ಅರಳಿತ್ತು.’ ಅದರ ಪಕ್ಕದಲ್ಲಿ ನಾನು ‘ಅತ್ಯುತ್ತಮ’ ಎಂದು ಷರಾ ಬರೆದಿದ್ದೆ. ಹೋಟೆಲಿನವರು ಅದನ್ನು ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಆಗ ನನಗೆ ನಮ್ಮ ಕಚೇರಿಯ ಪದ್ಧತಿ ನೆನಪಾಯಿತು. ಅಲ್ಲಿ ಯಾವ ಪತ್ರವೂ ಒಬ್ಬರದಲ್ಲ. ಗುಮಾಸ್ತರು ಕರಡು ಬರೆಯುತ್ತಾರೆ. ಮೇಲಿನವರು ಬೇರೆ ಬಣ್ಣದ ಶಾಯಿಯಲ್ಲಿ ತಿದ್ದುತ್ತಾರೆ. ಶುದ್ಧಪ್ರತಿಗೆ ಸಹಿ ಮಾಡುವವರು ಮತ್ತೊಬ್ಬರು. ಶುದ್ಧಪ್ರತಿಯನ್ನು ಮಾತ್ರ ನೋಡಿ ಯಾವ ಪದ ಯಾರದೆಂದು ಹೇಳಲು ಎಂತಹ ಅನುಭವಿಗೂ ಸಾಧ್ಯವಿಲ್ಲ. ಅದಕ್ಕೆಂದೇ ಕರಡನ್ನು ಎಸೆಯದೆ ಕಡತದಲ್ಲಿ ಕೆಳಗಿಟ್ಟಿರುತ್ತಾರೆ.

“ಶುದ್ಧಪ್ರತಿಯ ಮೇಲೆ ನಾವು ಇಷ್ಟು ದಿನ ಜ್ಯೋತಿಷ್ಯ ಹೇಳುತ್ತಿದ್ದೇವೆ. ಕರಡನ್ನು ಕೇಳಲೇ ಇಲ್ಲ,” ಎಂದೆ.

“ಇಟ್ಟಿರಬೇಕಲ್ಲ,” ಎಂದರು ರಾಯರು.

ಇಟ್ಟಿದ್ದಳು. ಮುಂದಿನ ಭಾನುವಾರ ಅವಳು ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತು, ನಾವು ಬಾಯಿ ತೆರೆಯುವ ಮೊದಲೇ ಕರಡು ತೆರೆದಿದ್ದ ಫೋನನ್ನು ಮೇಜಿನ ಮೇಲಿಟ್ಟಳು.

“ಆಂಟಿ, ನಾನು ಪೂರ್ತಿ ಅದರ ಹತ್ತಿರ ಬರೆಸಿಲ್ಲ. ಫಸ್ಟ್ ಎಲ್ಲಾ ನಾನೇ ಬರೆದೆ. ನನಗೆ ಡೌಟ್ ಇದ್ದ ಸೆಂಟೆನ್ಸ್ ಮಾತ್ರ ಹಾಕಿ, ಒಳ್ಳೆ ಕನ್ನಡ ಮಾಡು ಅಂತ ಕೇಳಿದೆ. ನೀವು ಕೇಳಿದ್ದರೆ ನಾನೇ ಹೇಳ್ತಿದ್ದೆ. ಯಾರೂ ಕೇಳಲೇ ಇಲ್ಲ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ದೂರ ಹೊರಟು ನಿಂತವರ ದನಿಯಿತ್ತು.

ಕರಡನ್ನೂ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ವಾಕ್ಯ ನೋಡುತ್ತಾ ಹೋದೆವು. ಹೆಚ್ಚಿನವು ಅಕ್ಷರವೂ ಬದಲಾಗದೆ ಅವಳವೇ ಆಗಿದ್ದವು. ಕೃಪಾಶೀರ್ವಾದದ ವಾಕ್ಯ ಕರಡಿನಲ್ಲಿ ಹಾಗೆಯೇ, ಚೀಲ ಸಮೇತ ಕುಳಿತಿತ್ತು.

“ಇದು ನಿಂದೇನು?” ಎಂದು ರಾಯರು ಕನ್ನಡಕ ತೆಗೆದು ಕೇಳಿದರು.

“ಹೌದು ಅಂಕಲ್. ನಮ್ಮ ಮನೇಲಿ ಕನ್ನಡ ಬುಕ್ಸ್ ಇಲ್ಲ. ಊರಿಂದ ಬಂದ ಮದುವೆ ಕಾರ್ಡ್ಸ್ ಇವೆ. ಅಮ್ಮ ಎಸೆಯಲ್ಲ. ಅಜ್ಜಿ ಅದನ್ನೇ ಓದಿಸ್ತಿದ್ದರು. ಬರೆಯೋ ಕನ್ನಡ ಅಂದರೆ ಅದೇ ಅಂತ ನಾನು…”

ನನ್ನ ಕಣ್ಣ ಮುಂದೆ ಅರಿಶಿನ ಹಚ್ಚಿದ ಮೂಲೆಗಳ ಲಗ್ನಪತ್ರಿಕೆಗಳು ಹಾದುಹೋದವು. ಎಂದೋ ಮುಗಿದ ಮದುವೆಗಳಿಗೆ ಒಂದು ಪುಟ್ಟ ಹುಡುಗಿಯನ್ನು ಮತ್ತೆ ಮತ್ತೆ ಕರೆಯುತ್ತಿದ್ದ ಪತ್ರಿಕೆಗಳು. ಸಕುಟುಂಬ ಸಪರಿವಾರ ಸಮೇತ ಆಗಮಿಸಿ. ಅವಳು ಆ ಕರೆಯನ್ನು ಮನ್ನಿಸಿ ಈ ಭಾಷೆಯೊಳಕ್ಕೆ ಬಂದಿದ್ದಳು, ಬಾಗಿಲಲ್ಲಿ ನಾವು ಗೆರೆ ಎಳೆದು ನಿಲ್ಲಿಸಿದ್ದೆವು.

ಯಂತ್ರದ ಕೈ ಬಿದ್ದ ವಾಕ್ಯಗಳೂ ಒಂದೇ ಬಗೆಯವಾಗಿರಲಿಲ್ಲ. ಕೆಲವುಗಳಲ್ಲಿ ಕ್ರಿಯಾಪದದ ತುದಿಯೊಂದು ನೆಟ್ಟಗಾಗಿತ್ತು, ಅಷ್ಟೆ. ಕೆಲವುಗಳಲ್ಲಿ ಎರಡು ತುಂಡು ವಾಕ್ಯಗಳು ಕೂಡಿಕೊಂಡಿದ್ದವು.

“ಇವನ್ನ ಮಷೀನಿಂದು ಅನ್ಲಿಕ್ಕಾಗೂದಿಲ್ಲ,” ಎಂದು ರಾಯರು ತಮ್ಮಷ್ಟಕ್ಕೆ ಹೇಳಿಕೊಂಡರು. “ಒಂದು ಬೋಲ್ಟ್ ಬದಲ್ ಮಾಡಿದ್ರ ಎಂಜಿನ್ ಬ್ಯಾರೆ ಆಗೂದಿಲ್ಲ.”

ಆ ಬಳಿಕ ನಾವು ಮೌನ ಸ್ನೇಹದ ವಾಕ್ಯಕ್ಕೆ ಬಂದೆವು. ಕರಡಿನಲ್ಲಿ ಆ ಜಾಗದಲ್ಲಿ ಹೀಗಿತ್ತು:

‘ಅವರಿಬ್ಬರು ದಿನಾ ಜಗಳ ಆಡೋರು. ಅಜ್ಜಿ ಕನ್ನಡದಲ್ಲಿ ಬೈಯೋರು, ಅವಳು ಬಾಂಗ್ಲಾದಲ್ಲಿ ಬೈಯೋಳು. ಒಬ್ಬರಿಗೂ ಏನು ಬೈದರು ಗೊತ್ತಿಲ್ಲ. ಅಜ್ಜಿ ಊರಿಗೆ ಹೋದ ತಿಂಗಳು ತರಕಾರಿಯವಳು ಯಾರನ್ನೂ ಬೈಯಲಿಲ್ಲ.’

ಹೋಟೆಲಿನವರು ಅದನ್ನು ಗಟ್ಟಿಯಾಗಿ ಓದಿದರು. ಓದುತ್ತಾ ಕೊನೆಯ ವಾಕ್ಯಕ್ಕೆ ಬಂದಾಗ ಅವರ ದನಿ ತಗ್ಗಿತು. ಕೋಣೆಯೂ ಅದರೊಂದಿಗೆ ತಗ್ಗಿದಂತಾಯಿತು. ಎಲ್ಲಿಯೋ ಆ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ತರಕಾರಿಗೆ ನೀರು ಚಿಮುಕಿಸುತ್ತಾ, ಯಾರನ್ನೂ ಬೈಯದೆ, ರಸ್ತೆಯ ತಿರುವನ್ನೇ ನೋಡುತ್ತಿರುವುದು ನನಗೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ನಾನು ಆಕೆಯನ್ನು ಬಲ್ಲೆನೆಂದು ಪ್ರಮಾಣ ಮಾಡಬಹುದಿತ್ತು.

“ಮಾರಾಯ್ತಿ, ಇಷ್ಟು ಚಂದದ ಜಗಳ ತೆಗೆದು ಆ ಸ್ನೇಹ ಯಾಕೆ ಹಾಕಿದ್ದು ನೀನು?”

“ನಾನು ಹಾಕಲಿಲ್ಲ ಆಂಟಿ. ಅದು ಹಾಕಿತು. ಇದು ಚೆನ್ನಾಗಿದೆ, ದೊಡ್ಡವರು ಬರೆದ ಹಾಗಿದೆ ಅಂತ ನಾನು ಬಿಟ್ಟೆ.” ಆ ಸಾಲಿನ ಮೇಲೆ ಬೆರಳಿಟ್ಟು ಅವಳು ಹೇಳಿದಳು: “ಆದರೆ ಅವರು ಫ್ರೆಂಡ್ಸ್ ಆಗಿರಲಿಲ್ಲ. ಅಜ್ಜಿಗೆ ಅವಳನ್ನ ಕಂಡರೆ ಸಿಟ್ಟೇ.”

ಹೊಳಪು ಕೊಡಲೆಂದು ಕೇಳಿದ್ದು ಭಾಷೆಗೆ, ಯಂತ್ರ ಹೊಳಪು ಕೊಟ್ಟದ್ದು ನಡೆದ ಸಂಗತಿಗೆ. ನನ್ನ ‘ಅತ್ಯುತ್ತಮ’ ಎಂಬ ಷರಾ ಅದರ ಪಕ್ಕದಲ್ಲಿ ಇನ್ನೂ ಇತ್ತು. ಅಳಿಸಲು ರಬ್ಬರಿಗಾಗಿ ಹುಡುಕಿದೆ. ಸಿಗದಿದ್ದರಿಂದ ಹಾಗೆಯೇ ಬಿಟ್ಟೆ.

ರಾಯರು ತಮ್ಮ ನಿಲುವನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಉಳಿದವರು ಯಾರ ಸಹಾಯವೂ ಇಲ್ಲದೆ ಬರೆದಿರುವಾಗ ಬಹುಮಾನದ ಸಾಲಿನಲ್ಲಿ ಇದನ್ನು ನಿಲ್ಲಿಸುವುದು ನ್ಯಾಯವಲ್ಲವೆಂದರು. ಹುಡುಗಿ ಮೋಸ ಮಾಡಿಲ್ಲ, ನಿಯಮ ಬರೆದವರು ಮೋಸ ಹೋದರು ಎಂದು ನನ್ನ ಕಡೆ ನೋಡಿದರು.

ಹುಡುಗಿ ಕೇಳಿದ್ದು ಒಂದೇ. “ಬಹುಮಾನ ಬೇಡ ಅಂಕಲ್. ನಾನು ಬರೆದದ್ದು ಅಂತ ಹಾಕ್ತೀರಾ?”

“ನೀ ಬರದದ್ದನ್ನ ನೀ ಬರದೀ ಅಂತ ಹಾಕಲಿಕ್ಕೆ ನಮಗೇನು ರೋಗ ಬಂದದ?” ಎಂದು ರಾಯರು ಗದರಿದರು. “ಆದ್ರ ಯಾವ್ಯಾವ ಸಾಲಿನ್ಯಾಗ ಮಷೀನ್ ಕೈ ಆಡಿಸೇದ, ಅದನ್ನ ಕೆಳಗ ನೀನ ಬರದು ಹಾಕು. ಮುಚ್ಚಿಡೂದು ಬ್ಯಾಡ. ಮತ್ತ ಆ ಜಗಳಾ ವಾಪಸ್ ತಾ. ಅದಿಲ್ದ ನಾ ಸಹಿ ಮಾಡಂಗಿಲ್ಲ.”

ಅವಳು ಅಲ್ಲಿಯೇ ಕುಳಿತು ನಿರ್ಧರಿಸಿದಳು. ಕ್ರಿಯಾಪದದ ತುದಿಗಳನ್ನು ಯಂತ್ರ ತಿದ್ದಿದಂತೆಯೇ ಇಟ್ಟುಕೊಂಡಳು. ಕೂಡಿಸಿದ ವಾಕ್ಯಗಳಲ್ಲಿ ಒಂದನ್ನು ಮತ್ತೆ ಒಡೆದು, ಅಜ್ಜಿಗೆ ಉಸಿರು ಸಾಲದೆ ಹೀಗೆಯೇ ನಿಂತು ನಿಂತು ಮಾತಾಡುತ್ತಿದ್ದರು ಎಂದಳು. ಜಗಳ ಮರಳಿ ಬಂತು. ಕೃಪಾಶೀರ್ವಾದವನ್ನು ತೆಗೆಯಲೇ ಎಂದು ಕೇಳಿದಾಗ ಮೂವರೂ ಒಟ್ಟಿಗೆ ಬೇಡವೆಂದೆವು. ಆ ವಾಕ್ಯದ ವಿಷಯದಲ್ಲಿ ನಾವು ಮೂವರು ಒಂದೇ ಮಾತು ಆಡಿದ್ದು ಅದು ಎರಡನೆಯ ಸಲ.

ಸಂಚಿಕೆ ಹೊರಬಂದ ದಿನ ಅವಳು ವೇದಿಕೆಯಲ್ಲಿ ಆ ಪ್ರಬಂಧವನ್ನು ಓದಿದಳು. ಬಾಡಿಗೆಯ ಸಭಾಂಗಣ, ಹಿಂದಿನ ಸಾಲುಗಳಲ್ಲಿ ಮಕ್ಕಳ ಗಲಾಟೆ, ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ತೇಲುವ ಧೂಳು. ಅವಳ ಉಚ್ಚಾರಣೆಯಲ್ಲಿ ಬಂಗಾಳಿಯ ದುಂಡುತನವಿತ್ತು. ಕನ್ನಡದ ಪದಗಳು ಗಂಗೆಯಲ್ಲಿ ತೊಳೆದ ಬೆಣಚುಕಲ್ಲುಗಳಂತೆ ಒಂದೊಂದೇ ಹೊರಬಂದವು. ಜಗಳದ ಭಾಗಕ್ಕೆ ರಾಯರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ತರಕಾರಿಯವಳು ಯಾರನ್ನೂ ಬೈಯಲಿಲ್ಲ ಎಂಬಲ್ಲಿಗೆ ಬಂದಾಗ ಮಕ್ಕಳೂ ಸುಮ್ಮನಾದರು. ಕೊನೆಯಲ್ಲಿ ಅವಳು, ಯಾವ ಸಾಲುಗಳನ್ನು ಯಂತ್ರ ತಿದ್ದಿತೆಂಬ ಟಿಪ್ಪಣಿಯನ್ನೂ ಅದೇ ದನಿಯಲ್ಲಿ ಓದಿದಳು. ನನ್ನ ಪಕ್ಕದ ಹಿರಿಯರೊಬ್ಬರು ಅದೂ ಕಥೆಯ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಬಹುಮಾನಗಳು ಬೇರೆಯವರಿಗೆ ಹೋದವು. ನಾನು ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಅವಳು ಓಡಿಬಂದಳು.

“ಆಂಟಿ, ಅವಳ ಕಡೆಯಿಂದ ಬರೆದರೆ ಹೇಗಿರುತ್ತೆ?”

“ಯಾರ ಕಡೆಯಿಂದ?”

“ತರಕಾರಿಯವಳ ಕಡೆಯಿಂದ. ನೆನ್ನೆ ಹೋಗಿದ್ದೆ. ಇನ್ನೂ ಅಲ್ಲೇ ಕೂತ್ಕೋತಾಳೆ. ಅಜ್ಜಿ ತೀರಿಹೋದರು ಅಂತ ಹೇಳಿದೆ. ಸುಮ್ಮನೆ ಒಂದು ಕಟ್ಟು ಕೊತ್ತಂಬರಿ ಕೊಟ್ಟು, ತುಂಬಾ ಹೊತ್ತು ನನ್ನನ್ನ ಬೈದಳು. ನನಗೆ ಅರ್ಥ ಆಗುತ್ತಲ್ಲ, ಆಂಟಿ. ಅವಳು ಅಷ್ಟು ವರ್ಷ ಏನು ಬೈತಿದ್ದಳು ಅಂತ ಈಗ ನನಗೆ ಗೊತ್ತು. ಅದನ್ನ ಕನ್ನಡದಲ್ಲಿ ಬರೀಬೇಕು.”

ಹೊರಗೆ ಸಂಜೆಯಾಗಿತ್ತು. ಅವಳು ಫೋನು ತೆಗೆದು, ಮೆಟ್ಟಿಲಿನ ಮೇಲೆಯೇ ಕುಳಿತು, ತುಟಿಯಾಡಿಸುತ್ತಾ ಕನ್ನಡದ ಅಕ್ಷರಗಳನ್ನು ಒತ್ತತೊಡಗಿದಳು. ನಾನು ಅವಳ ಪಕ್ಕದಿಂದ ಹಾದು ಸದ್ದಿಲ್ಲದೆ ಇಳಿದು ಹೋದೆ.

ಈ ಬರಹವನ್ನು ನಾನು ಯಾರಿಂದಲೂ ತಿದ್ದಿಸದೆ ತಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿ ಓದಿಕೊಳ್ಳಬೇಕೆಂದೂ, ಸಾಧ್ಯವಾದರೆ ನನಗೂ ತಿಳಿಸಬೇಕೆಂದೂ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.